ಒಂದೇ ಲೆಕ್ಕದ ಫೈಲು, ಎರಡು ಪ್ರತಿ

ಟಿಪ್ಪಣಿಗಳ ಫೋಲ್ಡರ್ ತೆರೆದಾಗ ನೀವು ಎಂದೂ ಮಾಡಿರದ ಇಂಥದ್ದೊಂದು ಫೈಲ್ ಕಣ್ಣಿಗೆ ಬಿದ್ದಿದೆ ಎಂದುಕೊಳ್ಳಿ:

```
mane-lekka.sync-conflict-20251115-181042-P3XDVLA.md
```

ಸಿಂಕ್‌ಥಿಂಗ್ ಬಳಸುವವರಿಗೆ ಇವತ್ತಲ್ಲ ನಾಳೆ ಇದು ಎದುರಾಗಿಯೇ ಆಗುತ್ತದೆ. ಹೊಸಬರು ಹೆಸರಿನ ಉದ್ದ ನೋಡಿ ಕಸವೆಂದು ಅಳಿಸಿಬಿಡುತ್ತಾರೆ, ಇಲ್ಲವೇ ಏನೋ ಕೆಟ್ಟುಹೋಗಿದೆಯೆಂದು ಹೆದರಿ ಸಿಂಕ್‌ಥಿಂಗನ್ನೇ ತೆಗೆದುಹಾಕುತ್ತಾರೆ. ಈ ಫೈಲು ಕಸವೂ ಅಲ್ಲ, ಕೆಡುಕಿನ ಗುರುತೂ ಅಲ್ಲ. ಯಾರೋ ಕೂತು ಬರೆದ ಒಂದು ಸಾಲು ಮಣ್ಣುಪಾಲಾಗದಿರಲೆಂದು ತೆಗೆದಿಟ್ಟ ಪ್ರತಿ ಅದು. ಬಳಕೆದಾರರು ಇದನ್ನು ಕಾನ್‌ಫ್ಲಿಕ್ಟ್ ಕಾಪಿ ಎನ್ನುತ್ತಾರೆ. ಅದು ಹೇಗೆ ಹುಟ್ಟುತ್ತದೆ ಎಂದು ಗೊತ್ತಾದರೆ ಅದನ್ನು ನಿಭಾಯಿಸುವುದು ಐದು ನಿಮಿಷದ ಕೆಲಸ.

ಮೊದಲು ಈ ತಂತ್ರಾಂಶದ ಬಗ್ಗೆ ಎರಡು ಮಾತು. ಸಿಂಕ್‌ಥಿಂಗ್ ಮುಕ್ತ ತಂತ್ರಾಂಶ. ಯಾಕೊಬ್ ಬೋರ್ಗ್ ಎಂಬ ಪ್ರೋಗ್ರಾಮರ್ ಶುರು ಮಾಡಿದ ಇದು 2013ರ ಕೊನೆಯಲ್ಲಿ ಹೊರಬಂತು. ಗೂಗಲ್ ಡ್ರೈವ್‌ನಂಥವುಗಳಲ್ಲಿ ಕಂಪನಿಯ ಕಂಪ್ಯೂಟರೊಂದು ನಡುವೆ ಕೂತು ಎಲ್ಲ ಫೈಲುಗಳ ಯಜಮಾನಿಕೆ ಮಾಡುತ್ತದೆ. ಇಲ್ಲಿ ಅಂಥ ಯಜಮಾನ ಯಾರೂ ಇಲ್ಲ. ನಿಮ್ಮ ಲ್ಯಾಪ್‌ಟಾಪ್, ಫೋನ್, ಮನೆಯ ಸರ್ವರ್ ಮೂರೂ ಸಮಾನರು. ಮೂರರಲ್ಲೂ ಫೋಲ್ಡರಿನ ಪೂರ್ತಿ ಪ್ರತಿ ಇರುತ್ತದೆ, ಒಂದಕ್ಕೊಂದು ಸಿಕ್ಕಾಗ ತಮ್ಮಲ್ಲಿ ಬದಲಾದದ್ದನ್ನು ನೇರವಾಗಿ ಕೊಟ್ಟುಕೊಳ್ಳುತ್ತವೆ. ಸಿಗದಿದ್ದರೆ ಕಾಯುತ್ತವೆ. ಕಾನ್‌ಫ್ಲಿಕ್ಟಿನ ಕಥೆ ಶುರುವಾಗುವುದೇ ಈ ಕಾಯುವ ಹೊತ್ತಿನಲ್ಲಿ.

ಮನೆಯ ಸರ್ವರ್ ಎಂದ ಕೂಡಲೇ ದೊಡ್ಡ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಬೇಕಿಲ್ಲ. ಪರದೆ ಒಡೆದ ಹಳೆಯ ಲ್ಯಾಪ್‌ಟಾಪಾದರೂ ಸಾಕು, ಅಂಗೈಯಗಲದ ರಾಸ್ಪ್‌ಬೆರಿ ಪೈ ಆದರೂ ಸರಿ, ವೈಫೈ ರೌಟರ್ ಪಕ್ಕದಲ್ಲಿ ಸದಾ ಚಾಲೂ ಇದ್ದರೆ ಆಯಿತು. ಅದರಲ್ಲಿ ಡೆಬಿಯನ್ ಇದ್ದರೆ ಸಿಂಕ್‌ಥಿಂಗ್ ಹಾಕಿ ಚಾಲೂ ಮಾಡಲು ಎರಡು ಸಾಲು ಸಾಕು. `mane` ಎಂಬಲ್ಲಿ ಆ ಯಂತ್ರದಲ್ಲಿರುವ ನಿಮ್ಮ ಬಳಕೆದಾರ ಹೆಸರು ಬರಬೇಕು:

```
sudo apt install syncthing
sudo systemctl enable --now syncthing@mane.service
```

ಅದರ ನಿಯಂತ್ರಣದ ಪುಟ ಬ್ರೌಸರಿನಲ್ಲಿ `127.0.0.1:8384` ಎಂಬಲ್ಲಿ ತೆರೆದುಕೊಳ್ಳುತ್ತದೆ. ಒಡೆದ ಪರದೆಯ ಸರ್ವರಿನ ಪುಟವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ನೋಡಬೇಕಾದರೆ ಎಸ್‌ಎಸ್‌ಎಚ್ ಮೂಲಕ ದಾರಿ ಮಾಡಿಕೊಳ್ಳಬಹುದು. ಇದನ್ನು ಕೊಟ್ಟು `localhost:8385` ತೆರೆದರೆ ಕಾಣುವುದು ಸರ್ವರಿನ ಪುಟ:

```
ssh -L 8385:localhost:8384 mane@192.168.1.20
```

ಪ್ರತಿ ಸಾಧನಕ್ಕೂ ಏಳೇಳು ಅಕ್ಷರಗಳ ಎಂಟು ಗುಂಪಿನ ಒಂದು ಗುರುತು ಇರುತ್ತದೆ. ಎರಡು ಸಾಧನಗಳು ಪರಸ್ಪರರ ಗುರುತನ್ನು ಒಪ್ಪಿಕೊಂಡರಷ್ಟೇ ಮಾತುಕತೆ. ಫೋನಿನಲ್ಲಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಆಂಡ್ರಾಯ್ಡಿನ ಅಧಿಕೃತ ಆಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಈಗ ಜನ ಬಳಸುವುದು Syncthing-Fork, ಅದು F-Droid ನಲ್ಲಿ ಸಿಗುತ್ತದೆ. ಐಫೋನಿನಲ್ಲಿ ಬೇರೆಯವರು ಮಾಡಿದ ಆಪ್‌ಗಳಿವೆ. ಆದರೆ ಹಿನ್ನೆಲೆಯಲ್ಲಿ ತಡೆಯಿಲ್ಲದೆ ಓಡಲು ಐಫೋನ್ ಯಾವ ಆಪಿಗೂ ಬಿಡುವುದಿಲ್ಲ, ಹಾಗಾಗಿ ಆಗಾಗ ಕೈಯಾರೆ ತೆರೆಯಬೇಕಾಗುತ್ತದೆ.

ಮನೆಯಿಂದ ಹೊರಗಿದ್ದಾಗ ಸಿಂಕ್ ಆಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಆಗುತ್ತದೆ. ನಮ್ಮಲ್ಲಿನ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಮನೆಗೆ ತನ್ನದೇ ಆದ ಸಾರ್ವಜನಿಕ ಐಪಿ ವಿಳಾಸ ಸಿಗುವುದಿಲ್ಲ, ಒಂದೇ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ. ಹೀಗೆ ನೇರ ದಾರಿ ಸಿಗದಾಗ ಸಿಂಕ್‌ಥಿಂಗ್ ಸ್ವಯಂಸೇವಕರು ನಡೆಸುವ ರಿಲೇ ಸರ್ವರುಗಳ ಮೂಲಕ ಹಾದುಹೋಗುತ್ತದೆ. ನಿಯಂತ್ರಣದ ಪುಟದಲ್ಲಿ ಸಂಪರ್ಕದ ಬಗೆ `Relay WAN` ಎಂದು ಕಂಡರೆ ಇದೇ ನಡೆಯುತ್ತಿದೆ ಎಂದರ್ಥ. ರಿಲೇ ನಡೆಸುವವರಿಗೆ ಒಳಗಿನದು ಕಾಣುವುದಿಲ್ಲ, ಎರಡು ತುದಿಗಳ ನಡುವೆ ಪೂರ್ತಿ ಗೂಢಲಿಪಿ. ವೇಗ ಕಡಿಮೆ, ಆದರೆ ನಾಲ್ಕು ಸಾಲಿನ ಟಿಪ್ಪಣಿಗೆ ಅದು ತಿಳಿಯುವುದೇ ಇಲ್ಲ.

ಈಗ ಆ ಉದ್ದ ಹೆಸರಿನ ಫೈಲಿಗೆ ಬರೋಣ. ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿರುವ ಒಬ್ಬ ಮೇಷ್ಟ್ರ ಲೆಕ್ಕದ ಫೈಲು ಅದು ಎಂದಿಟ್ಟುಕೊಳ್ಳಿ. ಸಿಮೆಂಟು, ಕಂಬಿ, ಜಲ್ಲಿ, ಕೂಲಿ ಎಲ್ಲವೂ `mane-lekka.md` ಎಂಬ ಒಂದೇ ಸಾದಾ ಪಠ್ಯದ ಫೈಲಿನಲ್ಲಿ. ಮೇಷ್ಟ್ರು ಸೈಟಿನಲ್ಲಿ ನಿಂತು ಫೋನಿನಲ್ಲಿ ಬರೆಯುತ್ತಾರೆ, ಮನೆಯಲ್ಲಿ ಹೆಂಡತಿ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಾರೆ. ಡೇಟಾ ಉಳಿಸಲೆಂದು ಫೋನಿನ ಸಿಂಕ್‌ಥಿಂಗನ್ನು ವೈಫೈ ಇದ್ದಾಗ ಮಾತ್ರ ಓಡುವಂತೆ ಇಟ್ಟಿದ್ದಾರೆ.

2025ರ ನವೆಂಬರ್ 15, ಶನಿವಾರ. ಬೆಳಿಗ್ಗೆ ಮೇಷ್ಟ್ರು ಹೊರಡುವಾಗ ಮೂರೂ ಕಡೆ ಫೈಲು ಒಂದೇ. 10:50ಕ್ಕೆ ಮನೆಗೆ ಬಂದ ವೈರಿಂಗಿನವನಿಗೆ ಐದು ಸಾವಿರ ಮುಂಗಡ ಕೊಟ್ಟು, ಅವರ ಹೆಂಡತಿ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಸೇರಿಸಿ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಆ ಸಾಲು ಸರ್ವರಿಗೆ ಹೋಗಿ ಆಗಿದೆ. ಫೈಲು ಬದಲಾದ ಮೇಲೆ ಸಿಂಕ್‌ಥಿಂಗ್ ಹತ್ತು ಸೆಕೆಂಡು ತಡೆದು ಕಳಿಸುತ್ತದೆ, ಮನೆಯೊಳಗಿನ ವೈಫೈನಲ್ಲಿ ಉಳಿದದ್ದು ಕ್ಷಣದ ಕೆಲಸ. 11:20ಕ್ಕೆ ಸೈಟಿನಲ್ಲಿ ನಲವತ್ತು ಚೀಲ ಸಿಮೆಂಟ್ ಇಳಿಯುತ್ತದೆ. ಮೇಷ್ಟ್ರು ಫೋನಿನಲ್ಲಿ ತಮ್ಮ ಸಾಲು ಸೇರಿಸುತ್ತಾರೆ. ವೈರಿಂಗಿನ ಸಾಲು ಅವರ ಫೋನಿಗೆ ಇನ್ನೂ ಬಂದಿಲ್ಲ, ಬಂದಿಲ್ಲವೆಂಬುದು ಅವರಿಗೆ ತಿಳಿಯುವ ದಾರಿಯೂ ಇಲ್ಲ.

ಸಂಜೆ 6:10ಕ್ಕೆ ಫೋನು ಮನೆಯ ವೈಫೈ ಹಿಡಿಯುತ್ತದೆ. ಈಗ ಸರ್ವರಿನ ಮುಂದೆ ಒಂದೇ ಹೆಸರಿನ ಎರಡು ಫೈಲುಗಳಿವೆ. ಯಾವುದು ಹೊಸದು ಎಂದು ಅದು ಬರೀ ಗಡಿಯಾರ ನೋಡಿ ಹೇಳುವುದಿಲ್ಲ. ಪ್ರತಿ ಫೈಲಿನ ಜೊತೆ, ಯಾವ ಯಾವ ಸಾಧನ ಇದನ್ನು ಎಲ್ಲಿಯವರೆಗೆ ತಿದ್ದಿದೆ ಎಂಬ ಚಿಕ್ಕ ಪಟ್ಟಿಯೊಂದನ್ನು ಸಿಂಕ್‌ಥಿಂಗ್ ತನ್ನ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ. ಫೋನಿನ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ 10:50ರ ತಿದ್ದುಪಡಿಯೂ ಇದ್ದಿದ್ದರೆ, ಮೇಷ್ಟ್ರು ಅದನ್ನು ನೋಡಿಯೇ ಮುಂದೆ ಬರೆದಿದ್ದಾರೆ ಎಂದುಕೊಂಡು ಹಳೆಯದರ ಜಾಗದಲ್ಲಿ ಹೊಸದನ್ನು ಸುಮ್ಮನೆ ಇಡುತ್ತಿತ್ತು. ಆದರೆ ಫೋನಿಗೆ ಲ್ಯಾಪ್‌ಟಾಪಿನ ತಿದ್ದುಪಡಿ ಗೊತ್ತಿಲ್ಲ, ಲ್ಯಾಪ್‌ಟಾಪಿಗೆ ಫೋನಿನದು ಗೊತ್ತಿಲ್ಲ. ಬೆಳಗಿನ ಒಂದೇ ಫೈಲಿನಿಂದ ಎರಡು ಕವಲು ಒಡೆದಿವೆ. ಸಿಂಕ್‌ಥಿಂಗ್ ಕಾನ್‌ಫ್ಲಿಕ್ಟ್ ಎನ್ನುವುದು ಇದನ್ನೇ.

ಗಡಿಯಾರಕ್ಕೆ ಕೆಲಸ ಬರುವುದು ಇಲ್ಲಿಂದ ಮುಂದೆ. ಎರಡರಲ್ಲಿ ಕೊನೆಯದಾಗಿ ತಿದ್ದಿದ್ದು ಮೂಲ ಹೆಸರನ್ನು ಉಳಿಸಿಕೊಳ್ಳುತ್ತದೆ, ಹಳೆಯದು ಹೆಸರು ಬದಲಿಸಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಹೀಗೆ 11:20ರ ಸಿಮೆಂಟಿನ ಪ್ರತಿ `mane-lekka.md` ಆಗಿ ಉಳಿಯಿತು, 10:50ರ ವೈರಿಂಗಿನ ಪ್ರತಿ ನಾವು ಮೊದಲು ನೋಡಿದ ಉದ್ದ ಹೆಸರಿಗೆ ಹೋಯಿತು. ಆ ಹೆಸರಿನಲ್ಲಿರುವ `20251115-181042` ಎಂಬುದು ಪಕ್ಕಕ್ಕೆ ಸರಿಸಿದ ಹೊತ್ತು, ಅಂದರೆ ಸಂಜೆ 6 ಗಂಟೆ 10 ನಿಮಿಷ 42 ಸೆಕೆಂಡು. ಬರೆದ ಹೊತ್ತಲ್ಲ. ಇಲ್ಲಿ ಅನೇಕರು ಎಡವುತ್ತಾರೆ: ಹೆಸರಿನಲ್ಲಿ ಸಂಜೆಯ ಸಮಯ ಕಂಡು ಇದೇ ಹೊಸ ಪ್ರತಿ ಎಂದುಕೊಂಡು ಮೂಲದ ಮೇಲೆ ಹೇರಿಬಿಡುತ್ತಾರೆ. ಕೊನೆಯ `P3XDVLA` ಎಂಬುದು ಈ ಜಗಳದಲ್ಲಿ ಪಾಲಿದ್ದ ಸಾಧನವೊಂದರ ಗುರುತಿನ ಮೊದಲ ಏಳು ಅಕ್ಷರ. ಯಾರು ಬರೆದ ಪ್ರತಿ ಎಂದು ತೀರ್ಮಾನಿಸಲು ಅದನ್ನು ನೆಚ್ಚಿಕೊಳ್ಳುವುದಕ್ಕಿಂತ ಫೈಲನ್ನೇ ತೆರೆದು ಓದುವುದು ವಾಸಿ.

ಹೆಸರು ಬದಲಾದ ಮೇಲೆ ಆ ಪ್ರತಿ ಎಲ್ಲ ಫೈಲುಗಳಂತೆ ಒಂದು ಫೈಲು. ಮೂರೂ ಸಾಧನಗಳಿಗೆ ಹೋಗುತ್ತದೆ, ಯಾರಾದರೂ ಗಮನಿಸುವವರೆಗೆ ಅಲ್ಲೇ ಇರುತ್ತದೆ. ಸಿಂಕ್‌ಥಿಂಗ್ ಇದಕ್ಕಾಗಿ ಗಂಟೆ ಬಾರಿಸುವುದಿಲ್ಲ. ರಾತ್ರಿ ಲ್ಯಾಪ್‌ಟಾಪ್ ತೆರೆದ ಮನೆಯಾಕೆಗೆ ಕಾಣುವುದು ಸಿಮೆಂಟಿನ ಸಾಲಿರುವ, ವೈರಿಂಗಿನ ಸಾಲಿಲ್ಲದ ಫೈಲು.

"ಏನ್ರೀ, ಬೆಳಿಗ್ಗೆ ವೈರಿಂಗ್‌ನವನಿಗೆ ಕೊಟ್ಟಿದ್ದು ಬರ್ದಿಟ್ಟಿದ್ದೆ. ನೀವು ಅಳಿಸಿಬಿಟ್ರಾ?"

"ನಾನ್ಯಾಕೆ ಅಳಿಸ್ಲಿ? ನಾನು ನೋಡೇ ಇಲ್ಲ ಮಾರಾಯ್ತಿ."

ಇಬ್ಬರೂ ಹೇಳುತ್ತಿರುವುದು ನಿಜ. ಆ ಸಾಲು ಎಲ್ಲೂ ಹೋಗಿಲ್ಲ, ಪಕ್ಕದ ಫೈಲಿನಲ್ಲಿದೆ. ಎರಡರ ನಡುವಿನ ವ್ಯತ್ಯಾಸ ನೋಡಲು ಲ್ಯಾಪ್‌ಟಾಪಿನಲ್ಲಿ `diff` ಸಾಕು:

```
diff mane-lekka.md mane-lekka.sync-conflict-20251115-181042-P3XDVLA.md
15c15
< - 15/11 ಸಿಮೆಂಟ್ 40 ಚೀಲ, ಬಾಕಿ
---
> - 15/11 ವೈರಿಂಗ್ ಮುಂಗಡ 5000
```

ಹದಿನೈದನೆಯ ಸಾಲು ಮಾತ್ರ ಬೇರೆ. `<` ಗುರುತಿನದು ಮೂಲ ಹೆಸರಿನ ಫೈಲಿನಲ್ಲಿದೆ, `>` ಗುರುತಿನದು ಪಕ್ಕಕ್ಕೆ ಸರಿದ ಫೈಲಿನಲ್ಲಿದೆ. ಇಲ್ಲಿ ಎರಡೂ ಬೇಕು. ವೈರಿಂಗಿನ ಸಾಲನ್ನು ನಕಲು ಮಾಡಿ `mane-lekka.md` ಒಳಗೆ ಹಾಕಿ ಉಳಿಸುವುದು, ಆಮೇಲೆ ಉದ್ದ ಹೆಸರಿನ ಫೈಲನ್ನು ಅಳಿಸುವುದು. ಅಳಿಸಿದ್ದು ಮಿಕ್ಕ ಕಡೆಯೂ ತಾನಾಗಿ ಅಳಿಯುತ್ತದೆ, ಫೋನಿನಲ್ಲಿ ಇನ್ನೊಮ್ಮೆ ಅಳಿಸಬೇಕಿಲ್ಲ. ಈ ಕೆಲಸ ಶುರು ಮಾಡುವ ಮೊದಲು ಒಂದು ಎಚ್ಚರ: ಮೂರೂ ಸಾಧನಗಳು ಸಂಪರ್ಕದಲ್ಲಿದ್ದು, ನಿಯಂತ್ರಣದ ಪುಟದಲ್ಲಿ ಫೋಲ್ಡರ್ `Up to Date` ಎನ್ನುತ್ತಿರಬೇಕು. ಕೂಡಿಸುವುದನ್ನು ಒಬ್ಬರೇ, ಒಂದೇ ಸಾಧನದಲ್ಲಿ ಮಾಡಬೇಕು. ಇಬ್ಬರೂ ಉಮೇದಿನಿಂದ ತಂತಮ್ಮ ಸಾಧನದಲ್ಲಿ ಸರಿಪಡಿಸಲು ಕೂತರೆ ಕಾನ್‌ಫ್ಲಿಕ್ಟಿಗೇ ಇನ್ನೊಂದು ಕಾನ್‌ಫ್ಲಿಕ್ಟ್ ಹುಟ್ಟುತ್ತದೆ.

ಸಾದಾ ಪಠ್ಯದ ಫೈಲಾದ್ದರಿಂದ ಇದು ಇಷ್ಟು ಸಲೀಸು. ಲಿಬ್ರೆಆಫೀಸಿನ `.odt` ಕಡತಕ್ಕೆ `diff` ಕೊಟ್ಟರೆ ಉಪಯೋಗವಿಲ್ಲ, ಅದು ಒಳಗೆ ಜಿಪ್ ಮಾಡಿದ ಗಂಟು. ಅಲ್ಲಿ ಒಂದು ಪ್ರತಿ ತೆರೆದು Edit ಪಟ್ಟಿಯ Track Changes ಒಳಗೆ Compare Document ಒತ್ತಿ ಇನ್ನೊಂದು ಪ್ರತಿಯನ್ನು ತೋರಿಸಿದರೆ, ವ್ಯತ್ಯಾಸಗಳು ಬಣ್ಣದಲ್ಲಿ ಕಾಣುತ್ತವೆ, ಒಂದೊಂದನ್ನೇ ಒಪ್ಪಬಹುದು ಇಲ್ಲವೇ ಬಿಡಬಹುದು. ಪಾಸ್‌ವರ್ಡ್ ಇಡುವ ಕೀಪಾಸ್‌ಎಕ್ಸ್‌ಸಿಯಲ್ಲಿ Database ಪಟ್ಟಿಯಲ್ಲೇ Merge From Database ಇದೆ, ಕಾನ್‌ಫ್ಲಿಕ್ಟ್ ಕಾಪಿಯನ್ನು ಆರಿಸಿದರೆ ಅದೇ ಕೂಡಿಸಿಕೊಳ್ಳುತ್ತದೆ. ಫೋಟೋ, ಪಿಡಿಎಫ್‌ಗಳಲ್ಲಿ ಕೂಡಿಸುವ ಮಾತಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಷ್ಟೆ.

ಗಡಿಯಾರದ ವಿಷಯ ಇನ್ನೊಂದಿದೆ. ಕೊನೆಗೆ ತಿದ್ದಿದ್ದು ಮೂಲ ಹೆಸರನ್ನು ಉಳಿಸಿಕೊಳ್ಳುತ್ತದೆ ಎಂದೆನಲ್ಲ, ಆ ಹೊತ್ತನ್ನು ಫೈಲಿಗೆ ಬರೆಯುವುದು ಆಯಾ ಸಾಧನದ ಗಡಿಯಾರ. ಹಳೆಯ ಲ್ಯಾಪ್‌ಟಾಪಿನಲ್ಲಿ ಬಟನ್ ಸೆಲ್ ಸತ್ತು ದಿನಾಂಕ ಹಿಂದಕ್ಕೆ ಹೋಗಿದ್ದರೆ, ಆಗಷ್ಟೇ ಬರೆದ ಪ್ರತಿಯೇ ಹಳೆಯದೆಂದು ಪಕ್ಕಕ್ಕೆ ಸರಿಯುತ್ತದೆ. ಸದಾ ಒಂದೇ ಸಾಧನದ ಬರಹ ಸೋಲುತ್ತಿದ್ದರೆ ಮೊದಲು ನೋಡಬೇಕಾದ್ದು ಅದರ ಗಡಿಯಾರವನ್ನು. ಒಂದು ಕಡೆ ಅಳಿಸಿ ಇನ್ನೊಂದು ಕಡೆ ತಿದ್ದಿದ್ದರೆ ಏನಾಗುತ್ತದೆ ಎಂಬುದೂ ಇತ್ತೀಚೆಗೆ ಬದಲಾಗಿದೆ. ಮೊದಲು ತಿದ್ದಿದ ಪ್ರತಿಯೇ ಗೆದ್ದು ಅಳಿಸಿದ ಫೈಲು ಮತ್ತೆ ಎದ್ದು ಬರುತ್ತಿತ್ತು. 2025ರ ಆಗಸ್ಟ್‌ನಲ್ಲಿ ಬಂದ 2.0ರಿಂದ ಅಳಿಸುವಿಕೆಯೂ ಗೆಲ್ಲಬಹುದು, ಆಗ ತಿದ್ದಿದ ಪ್ರತಿ ಕಾನ್‌ಫ್ಲಿಕ್ಟ್ ಕಾಪಿಯಾಗಿ ಉಳಿಯುತ್ತದೆ.

ಇಷ್ಟಾದರೂ ಕಾನ್‌ಫ್ಲಿಕ್ಟ್ ಕಾಪಿಗೆ ನಾನು ಅಷ್ಟಾಗಿ ಹೆದರುವುದಿಲ್ಲ. ಹೆದರಬೇಕಾದ್ದು ಅದು ಹುಟ್ಟದೇ ಹೋಗುವ ಸಂದರ್ಭಕ್ಕೆ.

ಅದೇ ಮನೆ, ಮರುದಿನ ಭಾನುವಾರ. ಲ್ಯಾಪ್‌ಟಾಪಿನಲ್ಲಿ ಲೆಕ್ಕದ ಫೈಲನ್ನು ಎಡಿಟರಿನಲ್ಲಿ ತೆರೆದಿಟ್ಟು ಹಾಗೇ ಮುಚ್ಚಳ ಹಾಕಿದ್ದಾರೆ. ಮೇಷ್ಟ್ರು ಸೈಟಿನಲ್ಲಿ ಕಂಬಿಯ ತೂಕ ಬರೆದುಕೊಂಡು ಸಂಜೆ ಮನೆಗೆ ಬರುತ್ತಾರೆ. ಫೋನಿನಿಂದ ಸರ್ವರಿಗೆ, ಸರ್ವರಿನಿಂದ ಆಗಷ್ಟೇ ಎಚ್ಚರಗೊಂಡ ಲ್ಯಾಪ್‌ಟಾಪಿನ ಡಿಸ್ಕಿಗೆ ಹೊಸ ಫೈಲು ಬರುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಎಡಿಟರಿನ ಕಿಟಕಿಯಲ್ಲಿ ಇನ್ನೂ ಬೆಳಗಿನ ಪಠ್ಯವೇ ಇದೆ. ಮನೆಯಾಕೆ ಅದರಲ್ಲೇ ಕೂಲಿಯ ಸಾಲೊಂದನ್ನು ಸೇರಿಸಿ `Ctrl+S` ಒತ್ತುತ್ತಾರೆ. ಎಡಿಟರ್ ತನ್ನ ಬಳಿಯಿದ್ದ ಪೂರ್ತಿ ಪಠ್ಯವನ್ನು ಡಿಸ್ಕಿನ ಮೇಲೆ ಬರೆಯುತ್ತದೆ. ಕಂಬಿಯ ಸಾಲು ಹೋಯಿತು.

ಸಿಂಕ್‌ಥಿಂಗಿನ ಕಣ್ಣಿಗೆ ಇದು ಹೇಗೆ ಕಾಣುತ್ತದೆ? ಫೋನಿನ ತಿದ್ದುಪಡಿ ಲ್ಯಾಪ್‌ಟಾಪಿಗೆ ತಲುಪಿದೆ, ಆಮೇಲೆ ಲ್ಯಾಪ್‌ಟಾಪಿನಲ್ಲಿ ಫೈಲು ಬದಲಾಗಿದೆ. ಕವಲು ಒಡೆದೇ ಇಲ್ಲ. ಅದರ ಪಟ್ಟಿಯ ಪ್ರಕಾರ ಯಾರೋ ಕಂಬಿಯ ಸಾಲನ್ನು ನೋಡಿ, ಬೇಡವೆಂದು ತೆಗೆದು, ಕೂಲಿಯ ಸಾಲು ಬರೆದಿದ್ದಾರೆ. ಹೊಸ ಪ್ರತಿಯನ್ನು ನಿಷ್ಠೆಯಿಂದ ಸರ್ವರಿಗೂ ಫೋನಿಗೂ ಮುಟ್ಟಿಸುತ್ತದೆ. ಉದ್ದ ಹೆಸರಿನ ಫೈಲು ಎಲ್ಲೂ ಇಲ್ಲ, ಕಂಬಿಯ ತೂಕವೂ ಇಲ್ಲ. ಡಿಸ್ಕಿನಲ್ಲಿ ಫೈಲು ಬದಲಾದರೆ ಕೆಲವು ಎಡಿಟರುಗಳು ತಾವೇ ಹೊಸದನ್ನು ಓದಿಕೊಳ್ಳುತ್ತವೆ, ಕೆಲವು ಮತ್ತೆ ತೆರೆಯಲೇ ಎಂದು ಕೇಳುತ್ತವೆ. ಆ ಪ್ರಶ್ನೆಗೆ ಓದದೆ ಬೇಡ ಎಂದರೆ ಆಗುವುದು ಇದೇ. ಫೋನಿನ ಟಿಪ್ಪಣಿ ಆಪ್‌ಗಳಲ್ಲಿ ಕೆಲವು ಕೇಳುವುದೂ ಇಲ್ಲ.

ಇದಕ್ಕೆ ಮದ್ದು ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳುವ ಏರ್ಪಾಡು, ಫೋಲ್ಡರಿನ ಸೆಟ್ಟಿಂಗಿನಲ್ಲಿ File Versioning ಎಂಬಲ್ಲಿದೆ. ತಾನಾಗಿ ಚಾಲೂ ಇರುವುದಿಲ್ಲ. ಅದನ್ನು ಎಲ್ಲಿ ಚಾಲೂ ಮಾಡುತ್ತೀರಿ ಎಂಬುದರಲ್ಲೇ ಗುಟ್ಟಿದೆ. ಬೇರೆ ಸಾಧನದಿಂದ ಬಂದ ಬದಲಾವಣೆಯಿಂದ ಫೈಲು ಅಳಿದರೆ ಅಥವಾ ಬದಲಾದರೆ ಮಾತ್ರ ಸಿಂಕ್‌ಥಿಂಗ್ ಹಳೆಯದನ್ನು ಎತ್ತಿಡುತ್ತದೆ. ಅದೇ ಯಂತ್ರದಲ್ಲಿ ಕೂತು ನೀವೇ ಅಳಿಸಿದ್ದನ್ನು ಎತ್ತಿಡುವುದಿಲ್ಲ, ಅದು ಅದರ ಕೈಗೆ ಬರುವ ಹೊತ್ತಿಗೆ ಹಳೆಯದು ಹೋಗಿಯಾಗಿರುತ್ತದೆ. ಹಾಗಾಗಿ ಈ ಭಾನುವಾರದ ಕಥೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಮಾತ್ರ ಈ ಸೌಲಭ್ಯ ಇಟ್ಟಿದ್ದರೆ ಅದು ಕಂಬಿಯ ಸಾಲನ್ನು ಉಳಿಸುತ್ತಿರಲಿಲ್ಲ. ಸರ್ವರಿನಲ್ಲಿ ಇಟ್ಟಿದ್ದರೆ ಉಳಿಯುತ್ತಿತ್ತು, ಏಕೆಂದರೆ ಸರ್ವರಿನ ಮುಂದೆ ಕೂತು ಯಾರೂ ಏನೂ ಬರೆಯುವುದಿಲ್ಲ. ಅಲ್ಲಿಗೆ ಬರುವ ಪ್ರತಿ ಬದಲಾವಣೆಯೂ ಹೊರಗಿನಿಂದ ಬಂದದ್ದೇ. ಮನೆಯಲ್ಲೊಂದು ಸರ್ವರ್ ಇರಬೇಕು ಎನ್ನಲು ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣದು.

ಬಗೆಗಳಲ್ಲಿ Staggered ಆರಿಸಿ. ಅದು ಮೊದಲ ಒಂದು ಗಂಟೆಯಲ್ಲಿ ಮೂವತ್ತು ಸೆಕೆಂಡಿಗೊಂದರಂತೆ, ಮೊದಲ ದಿನ ಗಂಟೆಗೊಂದರಂತೆ, ಮೊದಲ ಮೂವತ್ತು ದಿನ ದಿನಕ್ಕೊಂದರಂತೆ, ಆಮೇಲೆ ವಾರಕ್ಕೊಂದರಂತೆ ಪ್ರತಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡುತ್ತದೆ. ಇವೆಲ್ಲ ಅದೇ ಫೋಲ್ಡರಿನ `.stversions` ಎಂಬ ಅಡಗಿದ ಜಾಗದಲ್ಲಿ, ಹೆಸರಿನ ಜೊತೆ ದಿನಾಂಕ ಸಮಯ ಅಂಟಿಸಿಕೊಂಡು ಕೂತಿರುತ್ತವೆ. ಆ ಜಾಗ ಬೇರೆ ಸಾಧನಗಳಿಗೆ ಸಿಂಕ್ ಆಗುವುದಿಲ್ಲ. ಸರ್ವರಿನ ನಿಯಂತ್ರಣದ ಪುಟದಲ್ಲಿ ಫೋಲ್ಡರಿನ Versions ಗುಂಡಿ ಒತ್ತಿದರೆ ಹಳೆಯ ಪ್ರತಿಗಳನ್ನು ಆರಿಸಿ ಮರಳಿ ತರಬಹುದು. ಆದರೆ ಅದು ಇಡೀ ಫೈಲನ್ನೇ ಹಿಂದಿನದಕ್ಕೆ ಬದಲಿಸುತ್ತದೆ, ಕಂಬಿ ಬಂದು ಕೂಲಿ ಹೋಗುತ್ತದೆ. ಆದ್ದರಿಂದ `.stversions` ಒಳಗಿನ ಪ್ರತಿಯನ್ನು ತೆರೆದು ಬೇಕಾದ ಸಾಲನ್ನಷ್ಟೇ ನಕಲು ಮಾಡಿಕೊಳ್ಳುವುದು ಮೇಲು. ಹಾಗೆಂದು ಇದನ್ನೇ ಬ್ಯಾಕಪ್ ಎಂದುಕೊಂಡು ಕೂರಬಾರದು. ಸರ್ವರಿನ ಡಿಸ್ಕ್ ಸತ್ತರೆ ಹಳೆಯ ಪ್ರತಿಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಬೇರೊಂದು ಡಿಸ್ಕಿನಲ್ಲಿ ನಿಯಮಿತವಾಗಿ ತೆಗೆದಿಡುವ ಪ್ರತಿ ಪ್ರತ್ಯೇಕ ವಿಷಯ, ಅದೂ ಬೇಕು.

ಕಾನ್‌ಫ್ಲಿಕ್ಟ್‌ಗಳು ಕಡಿಮೆಯಾಗಲು ಸರ್ವರ್ ಇನ್ನೊಂದು ರೀತಿಯಲ್ಲೂ ನೆರವಾಗುತ್ತದೆ. ಲ್ಯಾಪ್‌ಟಾಪ್ ಮತ್ತು ಫೋನ್ ಎರಡೇ ಇದ್ದರೆ, ಎರಡೂ ಒಟ್ಟಿಗೆ ಎಚ್ಚರವಿರುವ ಹೊತ್ತು ದಿನದಲ್ಲಿ ಬಹಳ ಕಡಿಮೆ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅದರಲ್ಲಿ ಬರೆದದ್ದು ಫೋನಿಗೆ ತಲುಪುವುದು ಮತ್ತೆ ಅದನ್ನು ತೆರೆದಾಗಲೇ. ನಡುವೆ ಸದಾ ಎಚ್ಚರವಿರುವ ಮೂರನೆಯದು ಬಂದರೆ ಪ್ರತಿಯೊಂದೂ ಅದರ ಬಳಿ ಬಿಟ್ಟುಹೋಗುತ್ತದೆ, ಅದರಿಂದ ಪಡೆದುಕೊಳ್ಳುತ್ತದೆ. ಉಳಿಯುವ ಕೊರತೆ ಫೋನಿನದು. ಮೇಷ್ಟ್ರ ಹಾಗೆ ವೈಫೈನಲ್ಲಿ ಮಾತ್ರ ಎಂದು ಇಟ್ಟರೆ ಫೋನು ದಿನವಿಡೀ ಕುರುಡು. ಪಠ್ಯದ ಟಿಪ್ಪಣಿಗಳಿಗೆ ಡೇಟಾ ಹೆಚ್ಚು ಹಿಡಿಯುವುದಿಲ್ಲ. ಟಿಪ್ಪಣಿಗಳನ್ನೂ ಫೋಟೋಗಳನ್ನೂ ಬೇರೆ ಬೇರೆ ಫೋಲ್ಡರ್ ಮಾಡಿ, ಟಿಪ್ಪಣಿಗೆ ಮೊಬೈಲ್ ಡೇಟಾ ಬಿಟ್ಟುಕೊಡುವುದು ಒಳ್ಳೆಯದು. ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಅನೇಕ ಫೋನುಗಳು ಹಿನ್ನೆಲೆಯ ಆಪ್‌ಗಳನ್ನು ಕೊಂದುಹಾಕುತ್ತವೆ, ಆ ನಿರ್ಬಂಧದಿಂದ ಸಿಂಕ್‌ಥಿಂಗನ್ನು ಹೊರಗಿಡಬೇಕು. ಸರ್ವರಿನ ಪುಟದಲ್ಲಿ ಫೋನಿನ ಎದುರು `Last seen` ಸದಾ ಗಂಟೆಗಳ ಹಿಂದಿನದನ್ನೇ ತೋರಿಸುತ್ತಿದ್ದರೆ ಇದೇ ಕಾರಣವೆಂದು ತಿಳಿಯಿರಿ.

ಬರೆಯುವ ರೀತಿಯನ್ನೇ ಸ್ವಲ್ಪ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು. ಕಾನ್‌ಫ್ಲಿಕ್ಟ್ ಆಗುವುದು ಫೈಲಿನ ಲೆಕ್ಕದಲ್ಲಿ, ಸಾಲಿನ ಲೆಕ್ಕದಲ್ಲಲ್ಲ. ವರ್ಷದ ಲೆಕ್ಕವೆಲ್ಲ ಒಂದೇ ಫೈಲಿನಲ್ಲಿದ್ದರೆ ಎರಡು ಕಡೆಯ ಯಾವ ತಿದ್ದುಪಡಿಯೂ ಡಿಕ್ಕಿಯಾಗುತ್ತದೆ. ಮೇಷ್ಟ್ರು ಸೈಟಿನಲ್ಲಿ `site.md` ಎಂಬ ಬೇರೆ ಫೈಲಿನಲ್ಲಿ ಬರೆದು, ಭಾನುವಾರ ಇಬ್ಬರೂ ಕೂತು ಅದನ್ನು ದೊಡ್ಡ ಲೆಕ್ಕಕ್ಕೆ ಸೇರಿಸಿದರೆ ಡಿಕ್ಕಿಗೆ ದಾರಿಯೇ ಇಲ್ಲ. ಅಬ್ಸಿಡಿಯನ್ ಬಳಸುವವರಿಗೆ ಇನ್ನೊಂದು ಕಿರಿಕಿರಿ: ಯಾವ ಟಿಪ್ಪಣಿ ತೆರೆದಿದೆ, ಕಿಟಕಿ ಎಲ್ಲಿದೆ ಎಂಬುದನ್ನು ಅದು ಒಂದು ಫೈಲಿನಲ್ಲಿ ಗಳಿಗೆಗೊಮ್ಮೆ ಬರೆಯುತ್ತಿರುತ್ತದೆ, ಹಾಗಾಗಿ ಅರ್ಥವಿಲ್ಲದ ಕಾನ್‌ಫ್ಲಿಕ್ಟ್ ಕಾಪಿಗಳು ರಾಶಿ ಬೀಳುತ್ತವೆ. ಫೋಲ್ಡರಿನ `.stignore` ಫೈಲಿನಲ್ಲಿ ಈ ಸಾಲುಗಳನ್ನು ಹಾಕಿದರೆ ಅವನ್ನು ಸಿಂಕ್‌ಥಿಂಗ್ ಮುಟ್ಟುವುದಿಲ್ಲ:

```
.obsidian/workspace.json
.obsidian/workspace-mobile.json
.~lock.*
```

ಕೊನೆಯ ಸಾಲು ಲಿಬ್ರೆಆಫೀಸ್ ಕಡತ ತೆರೆದಾಗ ಮಾಡುವ ಬೀಗದ ಫೈಲುಗಳಿಗೆ. `.stignore` ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಮೂರರಲ್ಲೂ ಬೇರೆ ಬೇರೆಯಾಗಿ ಬರೆಯಬೇಕು. ಒಂದು ಕಡೆ ಮಾತ್ರ ಬರೆದು ಇದು ಕೆಲಸ ಮಾಡುತ್ತಿಲ್ಲ ಎಂದು ದೂರುವವರೇ ಹೆಚ್ಚು.

ಮೊದಲ ದಿನವೇ ಕಾನ್‌ಫ್ಲಿಕ್ಟ್ ಕಾಪಿಗಳ ಜಾತ್ರೆ ನೆರೆಯಲು ಇನ್ನೊಂದು ಕಾರಣವುಂಟು. ಪೆನ್‌ಡ್ರೈವಿನಲ್ಲಿ ಹಿಂದೆಂದೋ ನಕಲು ಮಾಡಿಕೊಂಡ ಫೋಲ್ಡರ್ ಎರಡೂ ಕಡೆ ಇದ್ದು, ಅವನ್ನೇ ಜೋಡಿಸಿದರೆ, ತುಸುವಾದರೂ ಭಿನ್ನವಾಗಿರುವ ಪ್ರತಿ ಫೈಲಿಗೂ ಒಂದು ಕಾಪಿ ಹುಟ್ಟುತ್ತದೆ. ಅವೆರಡಕ್ಕೂ ಹಂಚಿಕೊಂಡ ಇತಿಹಾಸವಿಲ್ಲ ನೋಡಿ. ಅಕ್ಷರಶಃ ಒಂದೇ ಆಗಿರುವ ಫೈಲುಗಳಿಗೆ ತೊಂದರೆಯಿಲ್ಲ. ಶುರುವಿನಲ್ಲಿ ಒಂದು ಕಡೆ ತುಂಬಿದ ಫೋಲ್ಡರ್, ಮಿಕ್ಕ ಕಡೆ ಖಾಲಿ ಫೋಲ್ಡರ್ ಇಟ್ಟುಕೊಂಡು ಜೋಡಿಸಿದರೆ ಈ ಪಾಡಿಲ್ಲ.

ಸಿಂಕ್‌ಥಿಂಗ್ ತಾನಾಗಿ ಹೇಳುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ ನಾವೇ ಹುಡುಕಬೇಕು. ಲ್ಯಾಪ್‌ಟಾಪಿನಲ್ಲೋ ಸರ್ವರಿನಲ್ಲೋ ಈ ಒಂದು ಸಾಲು ಸಾಕು:

```
find ~/Tippani -name '*.sync-conflict-*' -not -path '*/.stversions/*'
```

ಒಂದೇ ಫೈಲಿಗೆ ಪೂರ್ವನಿಯೋಜಿತವಾಗಿ ಹತ್ತು ಕಾನ್‌ಫ್ಲಿಕ್ಟ್ ಕಾಪಿಗಳವರೆಗೆ ಉಳಿಯುತ್ತವೆ, ಅದರಾಚೆಗಿನ ಹಳೆಯವು ಹೋಗುತ್ತವೆ. ಮುಂದುವರಿದ ಸೆಟ್ಟಿಂಗಿನಲ್ಲಿ ಈ ಸಂಖ್ಯೆಯನ್ನು ಸೊನ್ನೆ ಮಾಡಿ ಕಾಪಿಗಳ ಕಾಟವೇ ಬೇಡ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಶನಿವಾರದ ವೈರಿಂಗಿನ ಸಾಲಿಗೂ ಭಾನುವಾರದ ಕಂಬಿಯ ಗತಿಯೇ.

ಫೈಲಿಗೆ ಕನ್ನಡದಲ್ಲೇ ಹೆಸರಿಡುವವರಿಗೆ ಒಂದು ಮಾತು. ಯೂನಿಕೋಡಿನಲ್ಲಿ 'ಕೋಲಾರ' ಎಂಬುದರ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಸಿಂಕ್‌ಥಿಂಗ್ ಹೆಸರುಗಳನ್ನು ತಾನೇ ಒಂದು ರೂಪಕ್ಕೆ ತರುತ್ತದೆ, ಫೋಲ್ಡರಿನ ಆ ಆಯ್ಕೆಯನ್ನು ಆಫ್ ಮಾಡದಿದ್ದರೆ ಆಯಿತು. ಉದ್ದದ ವಿಷಯದಲ್ಲಿ ಮಾತ್ರ ನಾವೇ ಎಚ್ಚರ ವಹಿಸಬೇಕು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಪ್ರತಿ ಅಕ್ಷರ, ಗುಣಿತದ ಚಿಹ್ನೆ, ಒತ್ತಿನ ಒಳಗಿನ ಅರ್ಧಾಕ್ಷರದ ಗುರುತು ಒಂದೊಂದಕ್ಕೂ ಮೂರು ಬೈಟ್. ಕಾನ್‌ಫ್ಲಿಕ್ಟ್ ಆದಾಗ ಹೆಸರಿಗೆ ಇನ್ನೂ 38 ಬೈಟ್ ಅಂಟಿಕೊಳ್ಳುತ್ತದೆ. 'ಗೃಹಪ್ರವೇಶಕ್ಕೆ ಕರೆಯಬೇಕಾದ ನೆಂಟರಿಷ್ಟರ ಪಟ್ಟಿ' ಎಂಬಷ್ಟಕ್ಕೆ ಅಡ್ಡಿಯಿಲ್ಲ. ಅದರ ಹಿಂದೆ ಮುಂದೆ ಇನ್ನೊಂದು ವಾಕ್ಯ ಸೇರಿಸಿದರೆ ಪಕ್ಕಕ್ಕೆ ಸರಿಸುವ ಪ್ರತಿಯ ಹೆಸರಿಗೆ ಜಾಗ ಸಾಲುವುದಿಲ್ಲ.